ಬೆಳಗಿನ 5:52ಕ್ಕೆ ಬಂದ ಆ ಪ್ರಶ್ನೆ

ಕೊಡಗಿನ ಕಕ್ಕಬ್ಬೆಯ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ ಇದೆ, ಮೂರೇ ಕೋಣೆ. ಬುಕಿಂಗ್ ಎಲ್ಲ ಒಂದು ಜಿಮೇಲ್ ಖಾತೆಯಲ್ಲಿ ನಡೆಯುತ್ತದೆ. ಆ ಖಾತೆ ನನ್ನ ಫೋನಿನಲ್ಲೂ ಇದೆ, ಯಜಮಾನರ ಹಳೆಯ ಫೋನಿನಲ್ಲೂ ಇತ್ತು. ಈ ‘ಇತ್ತು’ ಎಂಬುದರ ಹಿಂದೆ ಒಂದು ಕಥೆಯಿದೆ. ಕಳೆದ ಮಳೆಗಾಲದ್ದು.

ಜುಲೈ ತಿಂಗಳು, ಎರಡು ದಿನದಿಂದ ಕರೆಂಟಿಲ್ಲ. ಬೆಳಿಗ್ಗೆ ಒಲೆ ಹಚ್ಚುತ್ತಿದ್ದಾಗ ಫೋನ್ ಮಿನುಗಿತು. ಪರದೆಯ ತುಂಬ ಒಂದೇ ಪ್ರಶ್ನೆ: Are you trying to sign in? ಕೆಳಗೆ ಸಾಧನ Windows, ಸ್ಥಳ ಬೆಂಗಳೂರು, ಸಮಯ ಈಗಷ್ಟೇ. ಅದರ ಕೆಳಗೆ ‘ಹೌದು’, ‘ಅಲ್ಲ’ ಎಂಬ ಎರಡು ಗುಂಡಿಗಳು. ನಾನು ಸ್ಕ್ರೀನ್‌ಶಾಟ್ ತೆಗೆದುಕೊಂಡು ‘ಅಲ್ಲ’ ಒತ್ತಿದೆ. ಪಾಸ್‌ವರ್ಡ್ ಬದಲಿಸಿ ಎಂದು ಅದು ಮುಂದೆ ಕರೆದೊಯ್ಯಲು ಹೊರಟಿತು. ಬ್ಯಾಟರಿ ಹನ್ನೊಂದು ಶೇಕಡಾ ಉಳಿದಿತ್ತು. ಆಮೇಲೆ ನೋಡಿದರಾಯಿತು ಎಂದು ಮುಚ್ಚಿಬಿಟ್ಟೆ. ಸ್ಕ್ರೀನ್‌ಶಾಟನ್ನು ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅಕ್ಕನ ಮಗನಿಗೆ ಕಳಿಸಿ, ‘ಇದೇನಪ್ಪಾ?’ ಎಂದು ಕೇಳಿದೆ. ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ತೋಟದ ಗೇಟಿನ ಬಳಿ ಮಾತ್ರ, ಮನೆಯೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವನ ಉತ್ತರ ನನಗೆ ತಲುಪಿದ್ದು ಮರುದಿನ ಮಧ್ಯಾಹ್ನ.

ಅಷ್ಟರಲ್ಲಿ ಮರುದಿನ ಬೆಳಿಗ್ಗೆ ಅದೇ ಪ್ರಶ್ನೆ ಮತ್ತೆ ಬಂದಿತ್ತು, ಈ ಸಲ ಎರಡೂ ಫೋನಿಗೆ. ನನ್ನದು ಚಾರ್ಜ್ ಇಲ್ಲದೆ ಮಲಗಿತ್ತು. ಯಜಮಾನರು ಬೆಂಗಳೂರು ಎಂದಿರುವುದನ್ನು ಓದಿ, ಅಲ್ಲಿ ಓದುತ್ತಿರುವ ಮಗಳು ಬುಕಿಂಗ್ ನೋಡಲು ಲಾಗಿನ್ ಆಗುತ್ತಿದ್ದಾಳೆಂದುಕೊಂಡು ‘ಹೌದು’ ಒತ್ತಿ ಕಾಫಿ ಕುಡಿಯಲು ಹೋದರು. ಅವರನ್ನು ಬೈಯುವ ಮುಖ ನನಗಿಲ್ಲ. ಹಿಂದಿನ ದಿನವೇ ಪಾಸ್‌ವರ್ಡ್ ಬದಲಿಸಿದ್ದರೆ ಆ ಪ್ರಶ್ನೆ ಎರಡನೆಯ ಸಲ ಬರುತ್ತಲೇ ಇರಲಿಲ್ಲ.

ಅಕ್ಕನ ಮಗ ಹೇಳಿದ ಮಾತು ಹೀಗಿತ್ತು: ‘ಚಿಕ್ಕಮ್ಮ, ಹೊರಬಾಗಿಲಿನ ಬೀಗ ಆಗಲೇ ತೆಗೆದಾಗಿದೆ. ಒಳಗಿನ ಚಿಲಕ ಸರಿಸಿ ಎಂದು ನಿಮ್ಮನ್ನೇ ಕೇಳುತ್ತಿದ್ದಾನೆ.’ ಎರಡು ಹಂತದ ಪರಿಶೀಲನೆಯಲ್ಲಿ ಮೊದಲನೆಯದು ಪಾಸ್‌ವರ್ಡ್, ಎರಡನೆಯದು ಫೋನಿಗೆ ಬರುವ ಈ ಪ್ರಶ್ನೆ. ಮೊದಲನೆಯದು ತಪ್ಪಾದರೆ ಸಾಮಾನ್ಯವಾಗಿ ಎರಡನೆಯದರವರೆಗೆ ಹೋಗಲು ಬಿಡುವುದಿಲ್ಲ. ನಾವು ಏನೂ ಮಾಡದೆ ಸುಮ್ಮನಿದ್ದಾಗ ಈ ಪ್ರಶ್ನೆ ಬಂತೆಂದರೆ, ನಮ್ಮ ಪಾಸ್‌ವರ್ಡ್ ಯಾರ ಕೈಯಲ್ಲೋ ಇದೆ ಎಂದೇ ಹಿಡಿಯಬೇಕು.

ಇದಕ್ಕೆ ಎರಡು ಅಪವಾದಗಳನ್ನೂ ಅವನೇ ಹೇಳಿದ. ಪ್ರಶ್ನೆಯಲ್ಲಿ sign in ಬದಲು recover ಎಂಬ ಪದ ಇದ್ದರೆ, ಯಾರೋ ‘ಪಾಸ್‌ವರ್ಡ್ ಮರೆತಿದೆ’ ಎಂಬ ದಾರಿ ಹಿಡಿದಿದ್ದಾರೆ ಎಂದರ್ಥ. ಅದಕ್ಕೆ ಇಮೇಲ್ ವಿಳಾಸ ಗೊತ್ತಿದ್ದರೆ ಸಾಕು. ಪಾಸ್‌ವರ್ಡ್ ಕೇಳದೆ ಫೋನಿನಿಂದಲೇ ಒಳಬಿಡುವ ಸೌಲಭ್ಯವನ್ನು ಆನ್ ಮಾಡಿಟ್ಟವರಿಗೂ ಹಾಗೆಯೇ. ಇನ್ನು ವಾಟ್ಸಾಪ್‌ನವರು ಎಸ್‌ಎಂಎಸ್‌ನಲ್ಲಿ ಕಳಿಸುವ ಆರಂಕಿಯ ಸಂಖ್ಯೆ ಬೇರೆಯೇ ಕಥೆ. ನಮ್ಮ ಮೊಬೈಲ್ ನಂಬರನ್ನು ಯಾರು ಟೈಪ್ ಮಾಡಿದರೂ ಅದು ಬರುತ್ತದೆ, ಕೆಲವೊಮ್ಮೆ ಯಾರದೋ ಕೈತಪ್ಪಿನಿಂದಲೂ. ಅದನ್ನು ಯಾರಿಗೂ ಹೇಳದಿದ್ದರೆ ಆಯಿತು. ಆದರೆ ಅಂಥ ಸಂಖ್ಯೆ ಕಾಣುವ ಸ್ಕ್ರೀನ್‌ಶಾಟನ್ನು ‘ಇದೇನು?’ ಎಂದು ಕುಟುಂಬದ ಗ್ರೂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ.

ನಾನು ಕಳಿಸಿದ ಚಿತ್ರದಲ್ಲಿ ಅವನು ಮೊದಲು ನೋಡಿದ್ದು ಗಡಿಯಾರ: 5:52. ಆ ಹೊತ್ತಿಗೆ ಮಗಳು ಎದ್ದಿರುವುದಿಲ್ಲ ಎಂದು ಅವನಿಗೂ ಗೊತ್ತು. ಆಮೇಲೆ ಸಾಧನ. ಮಗಳ ಹತ್ತಿರ ಇರುವುದು ಫೋನ್ ಮಾತ್ರ, ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ. Windows ಎಲ್ಲಿಂದ ಬಂತು? ಸ್ಥಳಕ್ಕೆ ಮಾತ್ರ ಅವನು ಬೆಲೆಯನ್ನೇ ಕೊಡಲಿಲ್ಲ. ಇಂಟರ್ನೆಟ್ ವಿಳಾಸದ ಲೆಕ್ಕದಲ್ಲಿ ಅಂದಾಜಿಗೆ ಬರೆದ ಊರು ಅದು. ಕೊಡಗಿನಲ್ಲಿ ಕೂತು ಲಾಗಿನ್ ಆದರೂ ಎಷ್ಟೋ ಸಲ ಬೆಂಗಳೂರು ಎಂದೇ ತೋರಿಸುತ್ತದೆ, ಬೇರೆ ದೇಶದಲ್ಲಿ ಕೂತವನೂ ಬೆಂಗಳೂರಿನ ಸರ್ವರ್ ಮೂಲಕ ಬರಬಹುದು. ಪರಿಚಿತ ಊರಿನ ಹೆಸರು ಕಂಡಿತೆಂದು ಯಜಮಾನರು ನಂಬಿದ್ದೇ ಅಲ್ಲಿ.

ಆ ಮಧ್ಯಾಹ್ನ ಗೇಟಿನ ಬಳಿ ಕೊಡೆ ಹಿಡಿದು ನಿಂತೇ ಪಾಸ್‌ವರ್ಡ್ ಬದಲಿಸಿದೆ. ಖಾತೆಯ ಭದ್ರತೆಯ ಪುಟದಲ್ಲಿ ನಮ್ಮದಲ್ಲದ ಒಂದು Windows ಸಾಧನ ಕಾಣಿಸಿತು, ಅದನ್ನು ಸೈನ್ ಔಟ್ ಮಾಡಿದೆ. ಹಳೆಯ ಪಾಸ್‌ವರ್ಡ್ ಎಲ್ಲಿಂದ ಹೋಯಿತು ಎಂಬುದಕ್ಕೂ ಸುಳಿವು ಸಿಕ್ಕಿತು. ಹಿಂದೊಮ್ಮೆ ಮಿಕ್ಸಿ ತರಿಸಿದ್ದ ಒಂದು ಅಂಗಡಿಯ ಜಾಲತಾಣಕ್ಕೂ ಅದನ್ನೇ ಇಟ್ಟಿದ್ದೆ. ಗೂಗಲ್‌ನ ಪಾಸ್‌ವರ್ಡ್ ತಪಾಸಣೆ ಅದನ್ನು ಸೋರಿಹೋದವುಗಳ ಪಟ್ಟಿಯಲ್ಲಿ ತೋರಿಸಿತು. ಇನ್ನು ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಎರಡು ವಾರದ ನಂತರ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ, ‘ನೀವು ಮೇಲ್‌ನಲ್ಲಿ ಕೊಟ್ಟ ಹೊಸ ಯುಪಿಐಗೆ ಎಂಟು ಸಾವಿರ ಮುಂಗಡ ಕಳಿಸಿದ್ದೇನೆ, ತಲುಪಿತೇ?’ ಎಂದರು. ನಾನು ಅಂಥ ಮೇಲ್ ಕಳಿಸಿಯೇ ಇರಲಿಲ್ಲ. ಅವರ ಪತ್ರವೂ ನನ್ನ ಇನ್‌ಬಾಕ್ಸಿನಲ್ಲಿ ಇರಲಿಲ್ಲ.

ಅಕ್ಕನ ಮಗ ಆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಕಳ್ಳ ನಮ್ಮ ಖಾತೆಯೊಳಗೆ ಇದ್ದದ್ದು ಅರ್ಧ ದಿನವೂ ಅಲ್ಲ, ಆದರೆ ಅಷ್ಟರಲ್ಲಿ ಒಂದು ಫಿಲ್ಟರ್ ಬರೆದಿಟ್ಟು ಹೋಗಿದ್ದ. booking ಎಂಬ ಪದ ಇರುವ ಯಾವ ಪತ್ರ ಬಂದರೂ ಅವನ ವಿಳಾಸಕ್ಕೆ ಒಂದು ಪ್ರತಿ ಹೋಗಬೇಕು, ನಮ್ಮಲ್ಲಿ ಅದು ಅಳಿಸಿಹೋಗಬೇಕು. ಪಾಸ್‌ವರ್ಡ್ ಬದಲಿಸಿದರೆ ಆ ಫಿಲ್ಟರ್ ಹೋಗುವುದಿಲ್ಲ. ಅವನಿಗೆ ಮತ್ತೆ ಲಾಗಿನ್ ಆಗುವ ಅಗತ್ಯವೂ ಇಲ್ಲ. ನಮ್ಮ ವಿಳಾಸಕ್ಕಿಂತ ಒಂದೇ ಅಕ್ಷರ ಬೇರೆಯಾದ ವಿಳಾಸದಿಂದ ಅತಿಥಿಗಳಿಗೆ ಉತ್ತರ ಬರೆಯುತ್ತ ಕೂತಿದ್ದ. ನನಗೆ ಇದು ಕಾಣದಿದ್ದುದಕ್ಕೆ ಕಾರಣ ಸರಳ: ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಈ ಫಿಲ್ಟರ್‌ಗಳು ಕಾಣುವುದೇ ಇಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ Filters and Blocked Addresses ಮತ್ತು Forwarding and POP/IMAP ಎಂಬ ಎರಡು ಪುಟಗಳನ್ನು ನೋಡಬೇಕು. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ನಂಬರ್, ಇಮೇಲ್ ನಮ್ಮವೇ ಹೌದೇ ಎಂದೂ ನೋಡಬೇಕು. ಅವು ಪುಣ್ಯಕ್ಕೆ ನಮ್ಮವೇ ಆಗಿದ್ದವು.

ಹಣ ಹೋದದ್ದು ಆ ಅತಿಥಿಯ ಖಾತೆಯಿಂದ, ಹಾಗಾಗಿ ಅವರೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರು. ಕಳಿಸಿ ಆಗಲೇ ಆರು ದಿನವಾಗಿತ್ತು, ದುಡ್ಡು ಸಿಗಲಿಲ್ಲ. ಇಂಥ ದೂರಿನಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ಕರೆ ಹೋದರೆ ಮಾತ್ರ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಮಾತು. ನಮಗೆ ಪ್ರಶ್ನೆ ಬಂದದ್ದು ಎರಡೇ ಸಲ. ಕೆಲವರಿಗೆ ನಡುರಾತ್ರಿಯಲ್ಲಿ ಸಾಲುಸಾಲಾಗಿ ಬರುತ್ತದೆ, ಕಾಟ ತಪ್ಪಲಿ ಎಂದು ನಿದ್ದೆಗಣ್ಣಿನಲ್ಲಿ ‘ಹೌದು’ ಒತ್ತುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯೊಳಗೆ ನುಗ್ಗಿದವನು ಬಂದದ್ದು ಇದೇ ದಾರಿಯಲ್ಲಿ: ಗುತ್ತಿಗೆ ಕೆಲಸಗಾರನೊಬ್ಬನ ಫೋನಿಗೆ ಮೇಲಿಂದ ಮೇಲೆ ಕೋರಿಕೆ ಕಳಿಸಿ, ಕೊನೆಗೆ ಅವನು ಒಪ್ಪಿಗೆ ಒತ್ತುವಂತೆ ಮಾಡಿದ. ಹಾಗೆ ಸಾಲಾಗಿ ಬಂದರೆ ‘ಅಲ್ಲ’ ಒತ್ತುತ್ತ ಕೂರಬೇಡಿ, ಆ ಕ್ಷಣವೇ ಪಾಸ್‌ವರ್ಡ್ ಬದಲಿಸಿ. ಮೊದಲ ಬೀಗ ಬದಲಾದ ಮೇಲೆ ಹಳೆಯ ಕೀಲಿಯಿಂದ ಪ್ರಶ್ನೆ ಹುಟ್ಟುವುದಿಲ್ಲ.

ಯಜಮಾನರ ಹಳೆಯ ಫೋನನ್ನು ಖಾತೆಯಿಂದ ತೆಗೆದಿದ್ದೇನೆ. ಹುಬ್ಬಳ್ಳಿಯವರ ಮುಂಗಡ ನಮಗೆ ಬಂದಿದೆ ಎಂದೇ ಲೆಕ್ಕ ಹಾಕಿ ಅವರಿಗೆ ಕೋಣೆ ಕೊಟ್ಟೆವು. ಅಕ್ಟೋಬರಿನಲ್ಲಿ ಬಂದು ಎರಡು ರಾತ್ರಿ ಇದ್ದು, ಬಾಕಿ ಹಣವನ್ನು ನಗದಾಗಿ ನನ್ನ ಕೈಗೇ ಎಣಿಸಿಕೊಟ್ಟು ಹೋದರು.