ಡೈ ಮಾಡಿಸಿದ ಬಟ್ಟೆಯ ಬಣ್ಣ: ಅಂಗಡಿಯ ದೀಪ, ಮೊಬೈಲ್, ಜಗಲಿ

ಡೈ ಮಾಡಿಸಿದ ಬಟ್ಟೆ ಸೀರೆಗೆ ಹೊಂದುತ್ತದೆಯೇ ಎಂದು ಅಂಗಡಿಯ ಎಲ್‌ಇಡಿ ದೀಪದಲ್ಲಿ, ಮೊಬೈಲಿನ ಫೋಟೊದಲ್ಲಿ ಮತ್ತು ಮನೆಯ ಜಗಲಿಯ ಬೆಳಕಿನಲ್ಲಿ ನೋಡಿದ ಮೇಲೆ ನಾನು ನಂಬುವುದು ಜಗಲಿಯನ್ನು ಮಾತ್ರ.

ಮದುವೆಯೊಂದಕ್ಕೆ ಉಡಲೆಂದು ಕಡುನೀಲಿ ರೇಷ್ಮೆ ಸೀರೆಗೆ ಮ್ಯಾಚಿಂಗ್ ಆಗುವಂತೆ ಹತ್ತಿಯ ರವಿಕೆ ಬಟ್ಟೆಯನ್ನು ಮಂಗಳೂರಿನ ಅಂಗಡಿಯೊಂದರಲ್ಲಿ ಡೈ ಮಾಡಿಸಿದ್ದೆ. ಅಲ್ಲಿನ ಬಿಳಿ ಎಲ್‌ಇಡಿಯ ಕೆಳಗೆ ಎರಡರ ಅಂಚುಗಳನ್ನು ಸೇರಿಸಿಟ್ಟಾಗ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಮದುವೆ ಹಾಲ್‌ನ ಹಳದಿ ಹ್ಯಾಲೊಜನ್ ದೀಪಗಳಡಿ ಸೀರೆ ನೀಲಿಯಾಗಿಯೇ ಉಳಿದು, ರವಿಕೆ ನೇರಳೆಗೆ ತಿರುಗಿತು. ರೇಷ್ಮೆಗೆ ಸಾಮಾನ್ಯವಾಗಿ ಆಸಿಡ್ ಡೈಗಳನ್ನೂ ಹತ್ತಿಗೆ ರಿಯಾಕ್ಟಿವ್ ಡೈಗಳನ್ನೂ ಬಳಸುವುದರಿಂದ, ಎರಡು ಬಟ್ಟೆಗಳು ಕಣ್ಣಿಗೆ ಒಂದೇ ನೀಲಿಯಾಗಿ ಕಂಡರೂ ಬೆಳಕಿನ ಯಾವ ಭಾಗವನ್ನು ಹೀರಿ ಯಾವುದನ್ನು ಹಿಂದಕ್ಕೆ ಕಳುಹಿಸುತ್ತವೆ ಎಂಬುದು ಬೇರೆ ಬೇರೆಯಾಗಿರುತ್ತದೆ. ಕೆಲವು ನೀಲಿ ಡೈಗಳು ಕಡುಗೆಂಪು ಬೆಳಕನ್ನೂ ಹೀರದೆ ಬಿಡುತ್ತವೆ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಆ ಬೆಳಕು ತೀರ ಕಡಿಮೆ ಇರುವುದರಿಂದ ಈ ಗುಣ ಅಡಗಿರುತ್ತದೆ, ಹ್ಯಾಲೊಜನ್‌ನಲ್ಲಿ ಧಾರಾಳವಾಗಿರುವುದರಿಂದ ಎದ್ದು ಕಾಣುತ್ತದೆ. ಹೀಗೆ ಒಂದು ಬೆಳಕಿನಲ್ಲಿ ಹೊಂದಿದ ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದನ್ನು ಮೆಟಮೆರಿಸಂ ಎನ್ನುತ್ತಾರೆ; ಕಡುನೀಲಿ, ಬೂದು, ಕಂದು ಬಣ್ಣಗಳಲ್ಲಿ ಇದರ ಕಾಟ ಹೆಚ್ಚು.

ಮೊಬೈಲಿನ ವಿಷಯ ಚಿಕ್ಕದು. ಕ್ಯಾಮೆರಾ ಬೆಳಕನ್ನು ತಾನೇ ಊಹಿಸಿ ಬಣ್ಣ ತಿದ್ದುತ್ತದೆ, ನೋಡುವವರ ಪರದೆ ಅದನ್ನು ಇನ್ನೊಮ್ಮೆ ಬದಲಿಸುತ್ತದೆ. ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನು ಕೈಯಲ್ಲಿರುವ ಸೀರೆಯೊಂದಿಗೆ ಹೋಲಿಸಬಾರದು. ಎರಡೂ ಬಟ್ಟೆಗಳು ಒಂದೇ ಫೋಟೊದಲ್ಲಿದ್ದರೆ ದೊಡ್ಡ ವ್ಯತ್ಯಾಸವಾದರೂ ತಿಳಿದೀತು.

ಜಗಲಿಯಲ್ಲಿ ನೋಡುವುದಕ್ಕೂ ಕ್ರಮವಿದೆ. ಒದ್ದೆ ಬಟ್ಟೆ ಗಾಢವಾಗಿ ಕಾಣುವುದರಿಂದಲೂ ಇಸ್ತ್ರಿಯ ಬಿಸಿಗೆ ಕೆಲವು ಬಣ್ಣಗಳು ಸ್ವಲ್ಪ ಹೊತ್ತು ಬದಲಾಗುವುದರಿಂದಲೂ, ಸ್ಯಾಂಪಲ್ ತುಂಡು ಪೂರ್ತಿ ಒಣಗಿ ಆರಿರಬೇಕು. ಬೆಳಗ್ಗೆ ಹತ್ತರ ನಂತರ, ನೇರ ಬಿಸಿಲು ಬೀಳದ ಉತ್ತರ ಬದಿಯಲ್ಲಿ, ಬಿಳಿ ಅಥವಾ ಬೂದು ಬಟ್ಟೆಯ ಮೇಲೆ ಎರಡನ್ನೂ ಅಂಚು ತಾಗುವಂತೆ ಹಾಸುತ್ತೇನೆ. ನಮ್ಮ ಕಡೆ ಅಂಗಳದ ಬಾಳೆ, ತೆಂಗಿನ ಹಸಿರೂ ಕೆಂಪು ನೆಲವೂ ಬಟ್ಟೆಯ ಮೇಲೆ ಛಾಯೆ ಬೀರುತ್ತವೆ, ಅವುಗಳಿಂದ ದೂರವಿಡಬೇಕು. ಮಳೆಗಾಲದ ಮೋಡದ ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬರುವುದರಿಂದ ನನಗೆ ಬಿಸಿಲಿಗಿಂತ ಅದೇ ಹೆಚ್ಚು ಹಿಡಿಸುತ್ತದೆ. ರೇಷ್ಮೆಯಾದರೆ ತುಂಡನ್ನು ತಿರುಗಿಸಿ ಎರಡೂ ದಿಕ್ಕಿನಿಂದ ನೋಡಬೇಕು.

ಆಮೇಲೆ ಅದೇ ಜೋಡಿಯನ್ನು ಒಳಗೆ ಹಳದಿ ಬಲ್ಬಿನ ಕೆಳಗೆ ಇಡುತ್ತೇನೆ. ಎರಡೂ ಕಡೆ ಹೊಂದಿದರೆ ಮಾತ್ರ ಪೂರ್ತಿ ಬಟ್ಟೆಗೆ ಡೈ ಹಾಕಲು ಹೇಳುತ್ತೇನೆ. ಸ್ಯಾಂಪಲ್‌ಗೆ ಬೇರೆ ದುಡ್ಡು ಕೊಡಬೇಕಾದರೂ ಹೊಸ ರವಿಕೆಗಿಂತ ಅದು ಕಡಿಮೆಯೇ. ಖರ್ಚಿಗೆ ಅನುಕೂಲವಿದ್ದವರು ರೇಷ್ಮೆಗೆ ರೇಷ್ಮೆಯನ್ನೇ ಡೈ ಮಾಡಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಹತ್ತಿಯೇ ಬೇಕು, ಎರಡೂ ಬೆಳಕಿಗೆ ಹೊಂದುವುದಿಲ್ಲ ಎಂದಾದರೆ, ಹಗಲಿನ ಮುಹೂರ್ತಕ್ಕೆ ಜಗಲಿಯ ಬೆಳಕನ್ನೂ ರಾತ್ರಿಯ ಆರತಕ್ಷತೆಗೆ ಹಳದಿ ಬಲ್ಬನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತೇನೆ.