ರಸೀದಿಯಲ್ಲಿ ಶುಲ್ಕ ₹1,500, ನಿಜವಾಗಿ ಹೋದದ್ದು ₹13,005: ವಿದೇಶಕ್ಕೆ ಹಣ ಕಳಿಸುವವರು ಗಮನಿಸಿ

ರಾಯಚೂರು, ಸಿಂಧನೂರು, ಮಾನ್ವಿ ಕಡೆಯಿಂದ ವೈದ್ಯಕೀಯ ಓದಿಗೆಂದು ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿಯ ಮಗಳು ಜಾರ್ಜಿಯಾ ದೇಶದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಭತ್ತ ಮಾರಿ ಬಂದ ಹಣದಲ್ಲಿ ಅವಳ ತಂದೆ 5,000 ಡಾಲರ್ ಶುಲ್ಕವನ್ನು ರಾಯಚೂರಿನ ಒಂದು ಬ್ಯಾಂಕ್ ಶಾಖೆಯ ಮೂಲಕ ಕಳಿಸಿದರು. ಎಷ್ಟು ಖರ್ಚಾಗುತ್ತದೆ ಎಂದು ಕೇಳಿದಾಗ ಕೌಂಟರಿನಲ್ಲಿದ್ದವರು, "ನಮ್ಮ ಚಾರ್ಜು ಸಾವಿರದ ಐನೂರು ರೂಪಾಯಿ ಸರ್, ಜಿಎಸ್‌ಟಿ ಬೇರೆ" ಎಂದಷ್ಟೇ ಹೇಳಿದ್ದರು. ವಾರದ ನಂತರ ವಿಶ್ವವಿದ್ಯಾಲಯದಿಂದ ಬಂದ ಪತ್ರದಲ್ಲಿ 4,975 ಡಾಲರ್ ಮಾತ್ರ ಜಮೆಯಾಗಿದೆ, ಉಳಿದ 25 ಡಾಲರ್ ಬಾಕಿ ಇದೆ ಎಂದಿತ್ತು. ಆಗ ಕಾಗದಗಳನ್ನೆಲ್ಲ ಹರಡಿಕೊಂಡು ಲೆಕ್ಕಕ್ಕೆ ಕುಳಿತೆವು.

ರಸೀದಿಯಲ್ಲಿದ್ದ ಸಾಲುಗಳು ಹೀಗಿವೆ: ಡಾಲರ್ 5,000; ದರ 87.72, ರೂಪಾಯಿ ಮೊತ್ತ 4,38,600, ಕಮಿಷನ್ 1,000, ವಿದೇಶಿ ಬ್ಯಾಂಕಿಗೆ ಪಾವತಿ ಸಂದೇಶ ಕಳಿಸುವ ಸ್ವಿಫ್ಟ್ ಶುಲ್ಕ 500, ಇವೆರಡರ ಮೇಲೆ ಜಿಎಸ್‌ಟಿ 270, ಕರೆನ್ಸಿ ಪರಿವರ್ತನೆಯ ಜಿಎಸ್‌ಟಿ 484.74. ಖಾತೆಯಿಂದ ಒಟ್ಟು 4,40,854.74 ರೂಪಾಯಿ ಕಡಿತವಾಗಿತ್ತು. ಮೊದಲ ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಏಕೆಂದರೆ ಅತಿ ದೊಡ್ಡ ಖರ್ಚು ಶುಲ್ಕದ ಸಾಲಿನಲ್ಲಿಲ್ಲ, ಅದು 87.72 ಎಂಬ ದರದ ಒಳಗೇ ಸೇರಿಕೊಂಡಿದೆ.

ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಳ್ಳುವ ಮಾರುವ ದರ ಒಂದು, ನಮಗೆ ಮಾರುವ ದರ ಇನ್ನೊಂದು. ಎರಡನೆಯದನ್ನು ಟಿಟಿ ಸೆಲ್ಲಿಂಗ್ ದರ ಎನ್ನುತ್ತಾರೆ, ಮತ್ತು ಈ ಎರಡರ ನಡುವಿನ ಅಂತರವೇ ಬ್ಯಾಂಕಿನ ಮಾರ್ಜಿನ್. ಮೊದಲನೆಯದನ್ನು ತಿಳಿಯಲು ಎಫ್‌ಬಿಐಎಲ್ ಸಂಸ್ಥೆಯು ಕೆಲಸದ ದಿನಗಳಲ್ಲಿ ಮಧ್ಯಾಹ್ನ ಪ್ರಕಟಿಸುವ ಉಲ್ಲೇಖ ದರವನ್ನು ನೋಡಿದರೆ ಸಾಕು. ನಮ್ಮ ಹಣ ಕಡಿತವಾದ ದಿನ ಅದು 86.00 ಇತ್ತು. ಅಂದರೆ ಡಾಲರಿಗೆ 1.72 ರೂಪಾಯಿಯಂತೆ 5,000 ಡಾಲರಿಗೆ 8,600 ರೂಪಾಯಿ ಮಾರ್ಜಿನ್ ಆಗಿಯೇ ಹೋಗಿತ್ತು. ರಸೀದಿಯ ಯಾವ ಸಾಲಿನಲ್ಲಿಯೂ ಈ ಅಂಕಿ ಅಚ್ಚಾಗಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಉಲ್ಲೇಖ ದರವು ದಿನದ ಒಂದು ಹೊತ್ತಿನ ಚಿತ್ರ. ಮಾರುಕಟ್ಟೆ ದಿನವಿಡೀ ಏರಿಳಿಯುತ್ತದೆ. ಹತ್ತು ಹದಿನೈದು ಪೈಸೆಯ ವ್ಯತ್ಯಾಸ ಕಂಡ ಮಾತ್ರಕ್ಕೆ ಅದನ್ನು ಬ್ಯಾಂಕಿನ ಲಾಭವೆಂದು ಹೇಳಲಾಗದು. ನಮ್ಮ ಊರುಗಳ ಅನೇಕ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ನೇರವಾಗಿ ನಡೆಯುವುದಿಲ್ಲ, ಅರ್ಜಿ ದೊಡ್ಡ ಊರಿನ ಶಾಖೆಗೆ ಹೋಗಿ ಅಲ್ಲಿ ದರ ನಿಗದಿಯಾಗುತ್ತದೆ. ಆದ್ದರಿಂದ ಅರ್ಜಿ ಕೊಟ್ಟ ದಿನದ ದರದೊಂದಿಗಲ್ಲ, ರಸೀದಿಯಲ್ಲಿ ನಮೂದಾದ ವಹಿವಾಟಿನ ದಿನದ ದರದೊಂದಿಗೆ ಹೋಲಿಸಬೇಕು. ಆದರೆ ಆ ದಿನದ ದರಕ್ಕಿಂತ 1.72 ರೂಪಾಯಿ ಹೆಚ್ಚಾಗಿದ್ದರೆ ಅದು ಏರಿಳಿತದ ಮಾತಲ್ಲ.

ಪರಿವರ್ತನೆಯ ಜಿಎಸ್‌ಟಿ ಕೂಡ ಹಲವರಿಗೆ ಅರ್ಥವಾಗುವುದಿಲ್ಲ. ಅದನ್ನು ಬ್ಯಾಂಕಿನ ಶುಲ್ಕದ ಮೇಲಲ್ಲ, ಬದಲಾಯಿಸಿದ ರೂಪಾಯಿ ಮೊತ್ತದ ಮೇಲೆ ನಿಯಮದಂತೆ ಹಾಕುತ್ತಾರೆ. ಒಂದು ಲಕ್ಷದಿಂದ ಹತ್ತು ಲಕ್ಷದವರೆಗಿನ ಮೊತ್ತಕ್ಕೆ 1,000 ರೂಪಾಯಿ ಮತ್ತು ಒಂದು ಲಕ್ಷ ಮೀರಿದ ಭಾಗದ ಅರ್ಧ ಶೇಕಡ ಸೇರಿಸಿ, ಆ ಮೊತ್ತಕ್ಕೆ ಶೇ 18ರಂತೆ ತೆರಿಗೆ ಬರುತ್ತದೆ. ನಮ್ಮದರಲ್ಲಿ 1,000 ಮತ್ತು 1,693 ಸೇರಿ 2,693, ಅದರ ಶೇ 18 ಎಂದರೆ 484.74. ರಸೀದಿಯ ಈ ಸಾಲು ಸರಿಯಾಗಿಯೇ ಇತ್ತು, ಯಾವ ಬ್ಯಾಂಕಿಗೆ ಹೋದರೂ ಇದು ತಪ್ಪುವುದಿಲ್ಲ.

ಇನ್ನು ಕಾಣೆಯಾದ 25 ಡಾಲರ್. ರಾಯಚೂರಿನಿಂದ ಹೊರಟ ಡಾಲರ್ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಹೋಗುವುದಿಲ್ಲ, ನಡುವೆ ಮಧ್ಯವರ್ತಿ ಬ್ಯಾಂಕ್ ಇರುತ್ತದೆ. ಅರ್ಜಿಯಲ್ಲಿ ವಿದೇಶಿ ಬ್ಯಾಂಕಿನ ಶುಲ್ಕ ಯಾರದು ಎಂಬ ಪುಟ್ಟ ಚೌಕವಿದೆ. ಅದರಲ್ಲಿ OUR ಎಂದರೆ ಎಲ್ಲವೂ ಕಳಿಸುವವರದು, SHA ಎಂದರೆ ದಾರಿಯಲ್ಲಿ ಆಗುವ ಕಡಿತ ಪಡೆಯುವವರದು. ನಮ್ಮ ಅರ್ಜಿಯಲ್ಲಿ ಶಾಖೆಯವರೇ SHA ಎಂದು ಗುರುತು ಹಾಕಿದ್ದರು. ಅದರ ಅರ್ಥವನ್ನು ಯಾರೂ ವಿವರಿಸಲಿಲ್ಲ. ಈ ಕಡಿತ ಭಾರತದ ರಸೀದಿಯಲ್ಲಿ ಎಂದಿಗೂ ಕಾಣದು. ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶದ ಪ್ರತಿಯನ್ನು ಕೇಳಿ ಪಡೆದು ಎಷ್ಟು ಕಳಿಸಲಾಗಿದೆ, ಶುಲ್ಕದ ಆಯ್ಕೆ ಯಾವುದು ಎಂದು ನೋಡಿ, ತಲುಪಿದ ಮೊತ್ತವನ್ನು ವಿಶ್ವವಿದ್ಯಾಲಯದಿಂದ ತರಿಸಿಕೊಂಡಾಗ ಮಾತ್ರ ಅದು ತಿಳಿಯುತ್ತದೆ. ಆ ಬಾಕಿಯನ್ನಷ್ಟೇ ಬೇರೆಯಾಗಿ ಕಳಿಸೋಣವೆಂದರೆ ಸುಮಾರು 2,193 ರೂಪಾಯಿಯ ಡಾಲರಿಗೆ ಮತ್ತೆ ಕಮಿಷನ್, ಸ್ವಿಫ್ಟ್, ತೆರಿಗೆ ಎಂದು 1,815 ರೂಪಾಯಿ ತೆರಬೇಕಿತ್ತು. ವಿಶ್ವವಿದ್ಯಾಲಯದವರು ಬಾಕಿಯನ್ನು ಮುಂದಿನ ಕಂತಿಗೆ ಸೇರಿಸಲು ಒಪ್ಪಿದ್ದರಿಂದ ಅದು ಉಳಿಯಿತು.

ಹೀಗಾಗಿ ನಿಜವಾದ ವೆಚ್ಚಕ್ಕೆ ನಾವು ಒಂದೇ ಲೆಕ್ಕ ಹಿಡಿದೆವು: ಖಾತೆಯಿಂದ ಕಡಿತವಾದ ಒಟ್ಟು ರೂಪಾಯಿಯಿಂದ, ಅಲ್ಲಿ ತಲುಪಿದ ಡಾಲರನ್ನು ಅಂದಿನ ಉಲ್ಲೇಖ ದರದಿಂದ ಗುಣಿಸಿ ಬಂದ ಮೊತ್ತವನ್ನು ಕಳೆಯುವುದು. 4,975 ಡಾಲರಿಗೆ 86.00ರಂತೆ 4,27,850 ರೂಪಾಯಿ. ಅದನ್ನು 4,40,854.74ರಲ್ಲಿ ಕಳೆದರೆ 13,005 ರೂಪಾಯಿ, ತಲುಪಿದ ಹಣದ ಶೇ 3ಕ್ಕೂ ಸ್ವಲ್ಪ ಹೆಚ್ಚು. ಮಾರ್ಜಿನ್ 8,600, ಕಮಿಷನ್ ಮತ್ತು ಸ್ವಿಫ್ಟ್ ತೆರಿಗೆಸಹಿತ 1,770, ಪರಿವರ್ತನೆಯ ಜಿಎಸ್‌ಟಿ 485, ಮಧ್ಯವರ್ತಿಯ ಕಡಿತ 2,150 ಎಂದು ಬಿಡಿಸಿ ಕೂಡಿದರೂ ಅದೇ ಮೊತ್ತ ಬರುತ್ತದೆ. "ಶುಲ್ಕವೇ ಇಲ್ಲ" ಎಂದು ಬೋರ್ಡ್ ಹಾಕಿರುವ ವಿನಿಮಯ ಅಂಗಡಿಗಳನ್ನೂ ಇದೇ ಲೆಕ್ಕದಿಂದ ಅಳೆಯಬೇಕು. ಅಂದು ಅಂತಹ ಅಂಗಡಿಯೊಂದು 88.00 ದರ ಹೇಳಿದ್ದಿದ್ದರೆ, ಶೂನ್ಯ ಶುಲ್ಕದ ಹೆಸರಿನಲ್ಲಿಯೇ 10,000 ರೂಪಾಯಿ ಹೋಗುತ್ತಿತ್ತು.

ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆಯಾದ ಟಿಸಿಎಸ್ ಅನ್ನು ಮಾತ್ರ ಈ ವೆಚ್ಚಕ್ಕೆ ಸೇರಿಸಬಾರದು. 2025ರ ಏಪ್ರಿಲ್‌ನಿಂದ ಒಂದು ಪ್ಯಾನ್ ಮೇಲೆ ವರ್ಷಕ್ಕೆ ಹತ್ತು ಲಕ್ಷ ಮೀರಿದ ಭಾಗಕ್ಕೆ ಮಾತ್ರ ಅದು ಅನ್ವಯಿಸುತ್ತದೆ, ಮತ್ತು ಕಡಿತವಾದರೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು.

ಮುಂದಿನ ಕಂತಿಗೆ ನಾವು ಅರ್ಜಿಗೆ ಸಹಿ ಹಾಕುವ ಮೊದಲೇ, "ಫಲಕದ ದರ ಬೇಡ, ಟ್ರೆಷರಿಯಿಂದ ದರ ತರಿಸಿ ಕೊಡಿ" ಎಂದು ಕೇಳಿದೆವು. ಟ್ರೆಷರಿ ಎಂದರೆ ಬ್ಯಾಂಕಿನಲ್ಲಿ ಡಾಲರ್ ದರ ನಿಗದಿ ಮಾಡುವ ವಿಭಾಗ, ಶಾಖೆ ಅಲ್ಲಿಗೆ ಪತ್ರ ಬರೆಯಿತು. ಉಲ್ಲೇಖ ದರ 86.40 ಇದ್ದ ದಿನ 86.95ರ ದರ ಸಿಕ್ಕಿತು. ಇದು ಎಲ್ಲರಿಗೂ, ಎಲ್ಲ ಮೊತ್ತಕ್ಕೂ ಸಿಗುವಂಥದ್ದಲ್ಲ, ಆದರೆ ಕೇಳದೆ ಸಿಗುವುದಂತೂ ಇಲ್ಲ. OUR ಆಯ್ಕೆಗೆ ತೆರಿಗೆಸಹಿತ 1,770 ರೂಪಾಯಿ ಹೆಚ್ಚು ಕೊಟ್ಟೆವು. ಈ ಆಯ್ಕೆಯಲ್ಲೂ ಕೆಲವು ಮಧ್ಯವರ್ತಿ ಬ್ಯಾಂಕುಗಳು ಕಡಿತ ಮಾಡುವುದುಂಟು, ನಮ್ಮದು ಮಾತ್ರ ಪೂರ್ಣ 5,000 ಡಾಲರ್ ತಲುಪಿತು. ಒಟ್ಟು ವೆಚ್ಚ ಸುಮಾರು 6,771 ರೂಪಾಯಿ ಆಯಿತು, ಅದರಲ್ಲಿ ದರದ ಮಾರ್ಜಿನ್ 2,750.