‘ಮಳೆಗಾಲದ ಕೀಬೋರ್ಡ್ ಕಿಟ್’ ಕೊಳ್ಳುವ ಮುನ್ನ ಇದನ್ನು ಓದಿ

ಕಾರವಾರದಲ್ಲಿ ಸಂಗೀತದ ಕೀಬೋರ್ಡ್ ಇಟ್ಟುಕೊಂಡಿರುವವರೆಲ್ಲ ದಯವಿಟ್ಟು ಓದಿ. ಒಂದು ರೆಕ್ಸಿನ್ ಹೊದಿಕೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಹತ್ತು ಪೊಟ್ಟಣ ಸೇರಿಸಿ, ‘ಮಳೆಗಾಲದ ಕಿಟ್’ ಎಂದು ಹೆಸರಿಟ್ಟು 1,200 ರೂಪಾಯಿಗೆ ಮಾರುತ್ತಿದ್ದಾರೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಕಿಟ್ ಕಂಡರೆ ನಿಮಗೇ ಗೊತ್ತಾಗುತ್ತದೆ.

ಅವರು ಹೇಳಿದಂತೆಯೇ ಹೊದಿಸಿ, ಪೊಟ್ಟಣಗಳನ್ನು ಕೀಗಳ ಮೇಲೆ ಸಾಲಾಗಿ ಇಟ್ಟಿದ್ದೆ. ಚೌತಿಯ ಭಜನೆಗೆ ತೆಗೆದಾಗ ಹೊದಿಕೆಯ ಒಳಮೈ ಪೂರ್ತಿ ಬೂಷ್ಟು. ಒಂದು ಕೀ ಸದ್ದೇ ಮಾಡುವುದಿಲ್ಲ, ಇನ್ನೊಂದನ್ನು ಎಷ್ಟು ಮೆಲ್ಲಗೆ ಒತ್ತಿದರೂ ಕಿರುಚುತ್ತದೆ, ಒಂದು ಕಪ್ಪು ಕೀ ಒತ್ತಿದರೆ ಮೇಲೇಳುವುದೇ ಇಲ್ಲ.

ಅಂಗಡಿಗೆ ಒಯ್ದೆ. ಬಿಚ್ಚಿ ನೋಡಲಿಲ್ಲ, ಒಂದು ಸ್ಕ್ರೂ ಸಹ ಮುಟ್ಟಲಿಲ್ಲ. “ಮೇಡಂ, ಮದರ್‌ಬೋರ್ಡ್ ಹೋಗಿದೆ. 6,500 ಆಗುತ್ತದೆ.” ಮತ್ತೆ ಕಿಟ್ ಕೊಟ್ಟಿದ್ದು ಯಾಕೆ ಎಂದು ಕೇಳಿದರೆ, “ಇದು ಕರಾವಳಿಯ ಹವೆ, ನಾವೇನು ಮಾಡಲು ಸಾಧ್ಯ?” ಹವೆಗೆಂದೇ ತಾನೇ ಕಿಟ್ ಮಾರಿದ್ದು! ನಾನು ಜಗಳಕ್ಕೆ ನಿಂತಾಗ ಅಂಟಿದ ಕೀಯ ಸಂದಿಗೆ ಯಾವುದೋ ಎಣ್ಣೆಯ ಸ್ಪ್ರೇ ಹೊಡೆದು, “ನೋಡಿ, ಸರಿಯಾಯಿತು” ಎಂದರು. ಮರುದಿನ ಅಕ್ಕಪಕ್ಕದ ಕೀಗಳೂ ಅಂಟಿಕೊಂಡವು.

ಶಿರಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇಂಥವನ್ನು ರಿಪೇರಿ ಮಾಡುತ್ತಾನೆ. ಅವನು ಬಿಚ್ಚಿ ತೋರಿಸಿದ. ಪ್ರತಿ ಕೀಯ ಕೆಳಗೆ ರಬ್ಬರ್ ಪಟ್ಟಿಯಲ್ಲಿ ಇಂಗಾಲ ಮೆತ್ತಿದ ಎರಡು ಪುಟ್ಟ ಬಿಲ್ಲೆಗಳಿವೆ. ಒತ್ತಿದಾಗ ಒಂದು ಮೊದಲು, ಇನ್ನೊಂದು ಅದರ ಹಿಂದೆಯೇ ಬೋರ್ಡಿಗೆ ತಾಗುತ್ತದೆ. ನಡುವಿನ ಅಂತರ ನೋಡಿ ಯಂತ್ರವು ನಾವು ಎಷ್ಟು ಜೋರಾಗಿ ಒತ್ತಿದೆವು ಎಂದು ಲೆಕ್ಕ ಹಾಕುತ್ತದೆ. ಆ ಜಾಗದಲ್ಲಿ ಬೂಷ್ಟು ಕೂತರೆ ಕೆಲವು ಕೀಗಳು ಮೂಕವಾಗುತ್ತವೆ, ಕೆಲವು ಕಿರುಚುತ್ತವೆ. ಮದರ್‌ಬೋರ್ಡ್ ಹೋಗಿದ್ದರೆ ಅಲ್ಲೊಂದು ಇಲ್ಲೊಂದು ಕೀ ಮಾತ್ರ ಹೀಗೆ ಕೆಡುವುದಿಲ್ಲ. ಅವನು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದ. ಬಿಲ್ಲೆಗಳನ್ನು ಮಾತ್ರ ಹಗುರವಾಗಿ ಸವರಿದ, ಉಜ್ಜಿದರೆ ಇಂಗಾಲವೇ ಎದ್ದು ಬರುತ್ತದಂತೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅಂಗಡಿಯವರು ಹೊಡೆದ ಎಣ್ಣೆ ತೆಗೆಯುವುದಕ್ಕೆ. 6,500 ರೂಪಾಯಿಯ ಮದರ್‌ಬೋರ್ಡ್ ಅಲ್ಲಿಯೇ ಇದೆ, ಚೆನ್ನಾಗಿಯೇ ಇದೆ.

ಹೊಟ್ಟೆ ಉರಿದಿದ್ದು ಆಮೇಲೆ. ನನ್ನ ವಿದ್ಯಾರ್ಥಿನಿಯ ತಾಯಿ ಅದೇ ಕಿಟ್ ಆಗಷ್ಟೇ ಕೊಂಡಿದ್ದರು, ಪೊಟ್ಟಣಗಳ ಕಟ್ಟು ಬಿಚ್ಚಿರಲಿಲ್ಲ. “ಅದನ್ನು ತೂಗಿ ನೋಡು” ಎಂದ ಶಿರಸಿಯ ಅದೇ ತಮ್ಮ. ಒಳಗಿನ ಹರಳುಗಳನ್ನೆಲ್ಲ ಸ್ಟೀಲ್ ತಟ್ಟೆಗೆ ಸುರಿದು ತೂಗಿದೆ, 250 ಗ್ರಾಂ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೆ ತೂಗಿದರೆ 192! ಕಡಿಮೆಯಾದ 58 ಗ್ರಾಂ ನೀರು. ಸಿಲಿಕಾ ಜೆಲ್ ಹೀರುವುದೇ ತನ್ನ ಒಣ ತೂಕದ ಮೂರನೇ ಒಂದು ಭಾಗದ ಆಸುಪಾಸು. ಅಂದರೆ ಅಂಗಡಿಯಲ್ಲಿಯೇ ಹೊಟ್ಟೆ ತುಂಬ ನೀರು ಕುಡಿದು ಮುಗಿಸಿದ್ದ ಹರಳುಗಳನ್ನು ನಮಗೆ ಮಾರಿದ್ದಾರೆ. ಅವರು ಪೊಟ್ಟಣಗಳನ್ನು ಬಾಗಿಲ ಬಳಿ ತೆರೆದ ಬುಟ್ಟಿಯಲ್ಲಿ ಇಡುವುದನ್ನು ನಾನೇ ಕಂಡಿದ್ದೇನೆ. ಆಷಾಢದ ಮಳೆಯಲ್ಲಿ, ತೆರೆದ ಬುಟ್ಟಿಯಲ್ಲಿ!

ಫೋನ್ ಮಾಡಿ ತೂಕದ ಲೆಕ್ಕ ಹೇಳಿದೆ. ಉತ್ತರ ಕೇಳಿ: “ಮೇಡಂ, ಓವನ್‌ನಲ್ಲಿ ಇಟ್ಟರೆ ಯಾವುದಾದರೂ ತೂಕ ಕಳೆದುಕೊಳ್ಳುತ್ತದೆ.” ಆಮೇಲೆ, “ಸಿಲಿಕಾ ಜೆಲ್‌ನಲ್ಲಿ ಹೊಸತು ಹಳತು ಎಂದು ಇರುವುದಿಲ್ಲ.” ಇದನ್ನು ಹೇಳುವಾಗ ನಗುತ್ತಿದ್ದರು.

ಹೊದಿಕೆಯೂ ಮೋಸವೇ. ಅದರ ತಳ ತೆರೆದಿದೆ. ಹರಳು ಒಣಗಿದ್ದರೂ ಅದು ಕೀಬೋರ್ಡಿನ ತೇವವನ್ನಲ್ಲ, ಇಡೀ ಕಾರವಾರದ ತೇವವನ್ನು ಹೀರುತ್ತ ಕೂರುತ್ತದೆ, ಬೇಗನೆ ತುಂಬಿಹೋಗುತ್ತದೆ. ಗಾಳಿಯಾಡದ ಪೆಟ್ಟಿಗೆಯಾದರೆ ಮಾತು ಬೇರೆ. 60 ಲೀಟರಿನ ಪೆಟ್ಟಿಗೆಯಲ್ಲಿರುವ ನಮ್ಮ ಮಳೆಗಾಲದ ಗಾಳಿಯಲ್ಲಿ ಎರಡು ಗ್ರಾಂ ನೀರೂ ಇರುವುದಿಲ್ಲ. ಉಳಿದದ್ದು ಬಟ್ಟೆ, ಫೋಮ್ ಬಿಡುವ ತೇವ ಮತ್ತು ಮುಚ್ಚಳದ ಸಂದಿಯಿಂದ ನುಸುಳುವುದು. ಅದಕ್ಕೆ ಕಾಲು ಕಿಲೋ ಒಣ ಹರಳು ಧಾರಾಳ.

ನಾನೀಗ ರಬ್ಬರ್ ಅಂಚಿನ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡುತ್ತೇನೆ, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮಾಪಕ. ಅದು ಶೇಕಡಾ 60 ದಾಟಿದರೆ ಹರಳನ್ನು ಬಿಸಿಮಾಡುವ ಸಮಯ. ಕಿತ್ತಳೆ ಬಣ್ಣದ ಹರಳು ಕೊಳ್ಳಿ, ತೇವ ಕುಡಿದಾಗ ಬಣ್ಣ ಬದಲಾಗಿ ತಿಳಿಸುತ್ತದೆ. ನೀಲಿಯದು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಆಗಲೇ ಬೂಷ್ಟು ಹಿಡಿದಿದ್ದರೆ, ಕೀ ಅಂಟಿದ್ದರೆ, ಹರಳಿನಿಂದ ಅದು ಹೋಗುವುದಿಲ್ಲ. ಬಿಚ್ಚಿ ಒರೆಸಲೇಬೇಕು. ಎಣ್ಣೆ ಹೊಡೆಯಲು ಯಾರು ಬಂದರೂ ಕೈ ಹಿಡಿಯಿರಿ.

ಹಣ ವಾಪಸು ಕೇಳಿದ್ದೇನೆ. ಕೊಡುವುದಿಲ್ಲವಂತೆ. ಬೇಕಾದರೆ ಇನ್ನೂ ಹತ್ತು ಪೊಟ್ಟಣ ಉಚಿತವಾಗಿ ಕೊಡುತ್ತಾರಂತೆ, ಅದೇ ಬುಟ್ಟಿಯಿಂದ.